ಕೆಲಸ ಹೋದ ಸುದ್ದಿಗೆ ಹೆಡ್‌ಲೈನ್ ಸರಿಯಾದ ಜಾಗವಲ್ಲ

ಲೇಆಫ್ ಆದ ವಾರದಲ್ಲಿ ಬಹಳ ಜನ ಮೊದಲು ಕೈಹಾಕುವುದು ಲಿಂಕ್ಡ್‌ಇನ್ ಹೆಡ್‌ಲೈನಿಗೆ. ಹೆಸರಿನ ಕೆಳಗಿದ್ದ ಹುದ್ದೆ ಮತ್ತು ಕಂಪನಿಯನ್ನು ಅಳಿಸಿ, ಅಲ್ಲಿ “ಲೇಆಫ್‌ನಲ್ಲಿ ಕೆಲಸ ಹೋಗಿದೆ, ಹೊಸ ಅವಕಾಶ ಹುಡುಕುತ್ತಿದ್ದೇನೆ, ತಕ್ಷಣ ಸೇರಬಲ್ಲೆ” ಎಂದು ಬರೆಯುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ, ನಾಚಿಕೆಪಡುವಂಥದ್ದೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಎಲ್ಲರ ಕಣ್ಣಿಗೂ ಬೀಳಲೇಬೇಕಾದ ಹೊತ್ತಿನಲ್ಲಿ, ತಮ್ಮನ್ನು ಹುಡುಕಲು ಬಳಸುವ ಪದಗಳನ್ನೇ ಅವರು ಅಳಿಸಿಬಿಟ್ಟಿರುತ್ತಾರೆ.

ರಿಕ್ರೂಟರ್ ಹುಡುಕುವುದು ಕೆಲಸ ಕಳೆದುಕೊಂಡವರನ್ನಲ್ಲ. ಅವರ ಮುಂದೆ ಖಾಲಿ ಹುದ್ದೆಯೊಂದು ಇರುತ್ತದೆ, ಆ ಹುದ್ದೆಗೆ ಒಂದು ಹೆಸರು, ಬೇಕಾದ ನಾಲ್ಕಾರು ಕೌಶಲ, ಒಂದು ಸ್ಥಳ. ಇವನ್ನೇ ಅವರು ಹುಡುಕುವ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಕಂಪನಿಯೊಂದಕ್ಕೆ ಮಾರಾಟದ ಮುಂಗಾಣ್ಕೆ ಮಾಡುವ, ಅಂದರೆ ಡಿಮ್ಯಾಂಡ್ ಪ್ಲಾನಿಂಗ್ ನೋಡಿಕೊಳ್ಳುವವರು ಬೇಕು ಎಂದಿಟ್ಟುಕೊಳ್ಳಿ. ಹುಡುಕಾಟ ಹೆಚ್ಚುಕಡಿಮೆ ಹೀಗಿರುತ್ತದೆ:

```
"demand planning" AND (manager OR lead) AND ("S&OP" OR "SAP IBP")
```

S&OP ಎಂದರೆ ಮಾರಾಟಕ್ಕೂ ಉತ್ಪಾದನೆಗೂ ತಾಳೆ ಹೊಂದಿಸುವ ಯೋಜನಾ ವಿಧಾನ, SAP IBP ಅಂಥ ಯೋಜನೆಗೆ ಬಳಸುವ ಸಾಫ್ಟ್‌ವೇರ್. ಉದ್ಧರಣ ಚಿಹ್ನೆಯೊಳಗಿನ ಪದಗಳು ಹಾಗೆಯೇ ಒಟ್ಟಿಗೆ ಬರಬೇಕು. ದೊಡ್ಡಕ್ಷರದ AND ಇದ್ದರೆ ಎರಡೂ ಇರಬೇಕು, OR ಇದ್ದರೆ ಯಾವುದಾದರೂ ಒಂದು ಸಾಕು. ಇದರಲ್ಲಿ “ಅವಕಾಶ”, “ಹುಡುಕಾಟ”, “ಉತ್ಸಾಹಿ” ಎಂಬ ಪದಗಳಿಗೆ ಎಲ್ಲೂ ಜಾಗವಿಲ್ಲ. ಹೆಡ್‌ಲೈನ್‌ಗೆ ಲಿಂಕ್ಡ್‌ಇನ್ ಕೊಟ್ಟಿರುವ ಮಿತಿ 220 ಅಕ್ಷರ. ಅದರ ಅರ್ಧವನ್ನು ಯಾರೂ ಹುಡುಕದ ಪದಗಳಿಗೆ ಕೊಟ್ಟರೆ ಆ ಅರ್ಧ ಹೋದಂತೆಯೇ.

ಇನ್ನೊಂದು ಪೆಟ್ಟು ಹೆಡ್‌ಲೈನಿಗಿಂತ ಆಳದಲ್ಲಿದೆ, ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ರಿಕ್ರೂಟರ್‌ಗಳು ಹಣ ಕೊಟ್ಟು ಬಳಸುವ ಲಿಂಕ್ಡ್‌ಇನ್ ರಿಕ್ರೂಟರ್ ಎಂಬ ಸಲಕರಣೆಯಲ್ಲಿ ಹುದ್ದೆಯ ಹೆಸರನ್ನು ಸೋಸುವಾಗ ಈಗಿನ ಹುದ್ದೆ, ಹಿಂದಿನ ಹುದ್ದೆ, ಅಥವಾ ಎರಡರಲ್ಲಿ ಯಾವುದಾದರೂ ಎಂದು ಆರಿಸಬಹುದು. ಈಗಿನ ಹುದ್ದೆ ಎಂದು ಆರಿಸಿದರೆ, ನೀವು ಅನುಭವದ ವಿಭಾಗದಲ್ಲಿ ಕೊನೆಯ ದಿನಾಂಕ ಹಾಕಿದ ಕ್ಷಣದಿಂದ ಆ ಪಟ್ಟಿಯಿಂದ ಹೊರಗೆ ಬೀಳುತ್ತೀರಿ. ಕೌಶಲದಲ್ಲಿ ನಿನ್ನೆಗೂ ಇವತ್ತಿಗೂ ವ್ಯತ್ಯಾಸವಿಲ್ಲ, ಒಂದು ಗುರುತು ಮಾತ್ರ ಬದಲಾಗಿದೆ. ಈ ನಷ್ಟವನ್ನು ಪೂರ್ತಿ ತುಂಬಲು ಆಗುವುದಿಲ್ಲ. ಆದರೆ ಎರಡನ್ನೂ ಸೇರಿಸಿ ಹುಡುಕುವವರಿಗೆ ಮತ್ತು ಬರೀ ಕೀವರ್ಡ್ ಹಾಕಿ ಹುಡುಕುವವರಿಗೆ ಸಿಗುವಂತೆ ಮಾಡಿಕೊಳ್ಳಲು ಆಗುತ್ತದೆ. ಹೆಡ್‌ಲೈನಿನ ಕೆಲಸ ಈಗ ಮೊದಲಿಗಿಂತ ಹೆಚ್ಚು ಎನ್ನುವುದು ಇದಕ್ಕೇ.

ಒಂದೊಂದು ಮಾತಿಗೆ ಒಂದೊಂದು ಜಾಗ

ಗೊಂದಲವಾಗುವುದು ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದಾಗ. ಪ್ರೊಫೈಲ್‌ನಲ್ಲಿ ಪ್ರತಿ ಮಾತಿಗೂ ಅದರದೇ ಜಾಗ ಇದೆ. ನೀವು ಮಾಡುವ ವೃತ್ತಿ ಹೆಡ್‌ಲೈನ್‌ನಲ್ಲಿ. ಕೆಲಸ ಯಾವಾಗ ಮುಗಿಯಿತು ಎಂಬುದು ಅನುಭವದ ದಿನಾಂಕದಲ್ಲಿ. ಏಕೆ ಮುಗಿಯಿತು ಎಂಬುದು ಸಮ್ಮರಿಯ, ಅಂದರೆ About ವಿಭಾಗದ, ಒಂದೇ ಒಂದು ವಾಕ್ಯದಲ್ಲಿ. ಹೊಸ ಕೆಲಸಕ್ಕೆ ಸಿದ್ಧ ಎಂಬುದು Open to work ಆಯ್ಕೆಯಲ್ಲಿ. ಗೆಳೆಯರಿಗೆ, ಹಳೆಯ ಸಹೋದ್ಯೋಗಿಗಳಿಗೆ ಮನಸ್ಸು ಬಿಚ್ಚಿ ಹೇಳಬೇಕೆನಿಸಿದರೆ ಅದಕ್ಕೆ ಪೋಸ್ಟ್ ಇದೆ. ಪೋಸ್ಟ್ ಕೆಲವು ದಿನ ಓಡಾಡಿ ಕೆಳಗೆ ಸರಿಯುತ್ತದೆ. ಹೆಡ್‌ಲೈನ್ ಹಾಗಲ್ಲ, ನೀವು ಯಾರದೋ ಪೋಸ್ಟಿಗೆ ಹಾಕಿದ ಕಾಮೆಂಟಿನ ಪಕ್ಕದಲ್ಲೂ, ಕಳಿಸಿದ ಕನೆಕ್ಷನ್ ಕೋರಿಕೆಯಲ್ಲೂ, ಹುಡುಕಾಟದ ಫಲಿತಾಂಶದಲ್ಲೂ ಮತ್ತೆ ಮತ್ತೆ ಕಾಣುತ್ತದೆ. ಆರು ತಿಂಗಳಾದರೂ ಪ್ರತಿ ಕಾಮೆಂಟಿನ ಜೊತೆ ಆ ಸುದ್ದಿ ಹೊಸದಾಗಿ ಹೇಳಿಕೊಂಡಂತೆ ಆಗುವುದು ಯಾರಿಗೂ ಒಳ್ಳೆಯದಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ. ದಿನಬಳಕೆಯ ಸರಕು ತಯಾರಿಸುವ ಕಂಪನಿಯಲ್ಲಿ 9 ವರ್ಷ ಅನುಭವ ಇರುವ ಮಹಿಳೆಯೊಬ್ಬರು. 1,200 ಬಗೆಯ ಸರಕುಗಳ ಮುಂಗಾಣ್ಕೆ, ದಾಸ್ತಾನಿನ ಮಟ್ಟ, ಮಾರಾಟ ಮತ್ತು ಉತ್ಪಾದನಾ ತಂಡಗಳ ತಿಂಗಳ ಸಭೆ, ಇವೆಲ್ಲ ಅವರ ಕೈಯಲ್ಲಿದ್ದವು. ಆದರೆ ಕಂಪನಿ ಅವರಿಗೆ ಕೊಟ್ಟಿದ್ದ ಹುದ್ದೆಯ ಹೆಸರು ಸೀನಿಯರ್ ಅಸೋಸಿಯೇಟ್, ಬಿಸಿನೆಸ್ ಎಕ್ಸಲೆನ್ಸ್. ಆ ಹೆಸರು ಕಂಪನಿಯ ಒಳಗಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಮೇಲಿನ ಹುಡುಕಾಟದಲ್ಲಿ ಅವರು ಕೆಲಸದಲ್ಲಿದ್ದಾಗಲೂ ಸಿಗುತ್ತಿರಲಿಲ್ಲ, ಈಗಂತೂ ದೂರದ ಮಾತು. ಅವರ ಹೊಸ ಹೆಡ್‌ಲೈನ್ ಹೀಗೆ ಇರಬಹುದು:

```
Demand Planning Lead | S&OP, SAP IBP | Consumer Goods |
Forecasting and inventory for 1,200 SKUs | Available now
```

ಮೊದಲ ಮೂರು ಪದ ಹುದ್ದೆಯ ಹೆಸರು. ಮಾರುಕಟ್ಟೆಯಲ್ಲಿ ಆ ಕೆಲಸಕ್ಕಿರುವ ಹೆಸರೇ ಅಲ್ಲಿರಬೇಕು, ಯಾಕೆಂದರೆ ಫೋನಿನ ಪರದೆಯಲ್ಲಿ, ಕಾಮೆಂಟಿನ ಪಕ್ಕದಲ್ಲಿ ಹೆಡ್‌ಲೈನ್ ಅರ್ಧಕ್ಕೇ ತುಂಡಾಗುತ್ತದೆ, ಮೊದಲ ಕೆಲವು ಪದಗಳಷ್ಟೇ ಉಳಿಯುತ್ತವೆ. ಆಮೇಲೆ ಕೆಲಸದ ವಿಧಾನ ಮತ್ತು ಸಾಫ್ಟ್‌ವೇರ್, ಉದ್ಯಮ, ಕೆಲಸದ ಗಾತ್ರ ತಿಳಿಸುವ ಒಂದು ಅಂಕಿ. ಸಿದ್ಧ ಇದ್ದೇನೆ ಎಂಬ ಮಾತು ಕೊನೆಯಲ್ಲಿ, ಎರಡೇ ಪದದಲ್ಲಿ. ಅದು ತುಂಡಾಗಿ ಹೋದರೂ ನಷ್ಟವಿಲ್ಲ. ಒಟ್ಟು ಉದ್ದ 220ರ ಮಿತಿಗಿಂತ ಬಹಳ ಕಡಿಮೆ ಇದೆ, ಜಾಗ ಉಳಿದಿದೆ ಎಂದು ತುಂಬಿಸುವ ಅಗತ್ಯವೂ ಇಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಕೆಲಸ ಇಲ್ಲದಾಗ ಹುದ್ದೆಯ ಹೆಸರು ಬರೆದುಕೊಳ್ಳುವುದು ಸುಳ್ಳಾಗುವುದಿಲ್ಲವೇ? ಹುದ್ದೆಯ ಜೊತೆ ಕಂಪನಿಯ ಹೆಸರು ಬಂದರೆ ಸುಳ್ಳು, ಏಕೆಂದರೆ ಅದು ಇವತ್ತಿನ ನೌಕರಿಯ ಹೇಳಿಕೆ. ಕಂಪನಿಯ ಹೆಸರಿಲ್ಲದೆ ಬರೆದರೆ ಅದು ವೃತ್ತಿ. ಕೆಲಸ ಹೋದ ಬಡಗಿ ಬಡಗಿಯೇ ಆಗಿರುತ್ತಾನೆ. ಗಮನಿಸಬೇಕಾದದ್ದು ದರ್ಜೆ. ಈ ಮಹಿಳೆ ತಂಡವನ್ನು ಮುನ್ನಡೆಸಿದ್ದರೆ ಲೀಡ್ ಎಂದು ಬರೆಯುವುದು ಸರಿ, ಮ್ಯಾನೇಜರ್ ಎಂದು ಬರೆದರೆ ಮೊದಲ ಸಂದರ್ಶನದಲ್ಲೇ ಅದು ಕಳಚಿಕೊಳ್ಳುತ್ತದೆ. ಅನುಭವದ ವಿಭಾಗದಲ್ಲಿ ಮಾತ್ರ ಕಂಪನಿ ಕೊಟ್ಟ ಹೆಸರನ್ನೇ ಉಳಿಸಬೇಕು, ದಾಖಲೆ ಪರಿಶೀಲನೆಯಲ್ಲಿ ಅದನ್ನೇ ತಾಳೆ ನೋಡುತ್ತಾರೆ. ಅದರ ಕೆಳಗಿನ ವಿವರಣೆಯ ಮೊದಲ ಸಾಲಿನಲ್ಲಿ ಡಿಮ್ಯಾಂಡ್ ಪ್ಲಾನಿಂಗ್ ಎಂಬ ಪದ ಬರಲಿ.

ಹಳೆಯ ಕಂಪನಿ ಹೆಸರಾಂತದ್ದಾಗಿದ್ದರೆ ಅದರ ಹಿಂದೆ “ಎಕ್ಸ್” ಸೇರಿಸಿ ಹೆಡ್‌ಲೈನ್‌ನಲ್ಲಿ ಹಾಕುವ ರೂಢಿ ಇದೆ. ಹುಡುಕಾಟಕ್ಕೆ ಇದರಿಂದ ಹೆಚ್ಚಿನ ಲಾಭವಿಲ್ಲ, ಹಿಂದಿನ ಕಂಪನಿಯನ್ನು ರಿಕ್ರೂಟರ್ ಪ್ರತ್ಯೇಕವಾಗಿಯೇ ಸೋಸಬಲ್ಲರು. ಪಟ್ಟಿ ನೋಡುವ ಮನುಷ್ಯನ ಕಣ್ಣನ್ನು ಅದು ಹಿಡಿಯಬಹುದು, ಅಷ್ಟೇ. ಹಾಕಿದರೆ ಹುದ್ದೆಯ ಹೆಸರಿನ ನಂತರ ಹಾಕಿ, ಮೊದಲಲ್ಲ.

ಸಮ್ಮರಿಯ ಆ ಒಂದು ವಾಕ್ಯ

About ವಿಭಾಗಕ್ಕೆ 2,600 ಅಕ್ಷರಗಳ ಜಾಗ ಇದೆ, ಆದರೆ ಕ್ಲಿಕ್ ಮಾಡದೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಲೇಆಫ್‌ನ ಮಾತು ಅಲ್ಲಿ ಬರಬಾರದು. ಆ ಸಾಲುಗಳಲ್ಲಿ ಏನು ಮಾಡುತ್ತೀರಿ, ಎಷ್ಟು ದೊಡ್ಡ ಪ್ರಮಾಣದಲ್ಲಿ, ಅದರಿಂದ ಏನಾಯಿತು ಎಂಬುದು ಬರಲಿ. ನಮ್ಮ ಉದಾಹರಣೆಯಲ್ಲಿ: “9 ವರ್ಷಗಳಿಂದ ದಿನಬಳಕೆ ಸರಕುಗಳ ಡಿಮ್ಯಾಂಡ್ ಪ್ಲಾನಿಂಗ್ ನನ್ನ ಕೆಲಸ. ಕೊನೆಯ ಹುದ್ದೆಯಲ್ಲಿ 1,200 ಸರಕು, 6 ಗೋದಾಮುಗಳ ತಿಂಗಳ ಮುಂಗಾಣ್ಕೆ ನನ್ನದು. ಸರಕು ಖಾಲಿಯಾಗುವುದೂ ಹಳೆಯದಾಗಿ ಕೊಳೆಯುವುದೂ ಒಟ್ಟಿಗೆ ಕಡಿಮೆಯಾಗಬೇಕು, ಅದಕ್ಕಾಗಿಯೇ ಮಾರಾಟದವರನ್ನೂ ಕಾರ್ಖಾನೆಯವರನ್ನೂ ಒಂದೇ ಅಂಕಿಗೆ ಒಪ್ಪಿಸುತ್ತೇನೆ.” ಓದಿದವರಿಗೆ ಮನುಷ್ಯ ಕಾಣುತ್ತಾನೆ, ಕೆಲಸ ಕಾಣುತ್ತದೆ. ಬರಹದ ಭಾಷೆ ಮಾತ್ರ ನಿಮ್ಮ ಕ್ಷೇತ್ರದ ರಿಕ್ರೂಟರ್ ಯಾವ ಭಾಷೆಯಲ್ಲಿ ಹುಡುಕುತ್ತಾರೋ ಅದೇ ಇರಬೇಕು.

ಎರಡನೆಯ ಪ್ಯಾರಾದಲ್ಲಿ ವಿಧಾನ, ಸಾಫ್ಟ್‌ವೇರ್, ಉದ್ಯಮ. ಲೇಆಫ್‌ನ ವಾಕ್ಯ ಇವೆಲ್ಲದರ ನಂತರ, ಮುಂದೇನು ಬೇಕು ಎಂದು ಹೇಳುವ ಸಾಲಿಗೆ ಅಂಟಿಕೊಂಡಿರಲಿ: “ಮಾರ್ಚ್‌ನಲ್ಲಿ ಕಂಪನಿ ಎರಡು ವಲಯಗಳ ಯೋಜನಾ ತಂಡಗಳನ್ನು ಒಂದು ಮಾಡಿದಾಗ ನನ್ನದೂ ಸೇರಿ ಹಲವು ಹುದ್ದೆಗಳು ರದ್ದಾದವು. ಈಗ ಗ್ರಾಹಕ ಸರಕು ಅಥವಾ ಔಷಧ ಉದ್ಯಮದಲ್ಲಿ ಡಿಮ್ಯಾಂಡ್ ಪ್ಲಾನಿಂಗ್ ಜವಾಬ್ದಾರಿ ನೋಡುತ್ತಿದ್ದೇನೆ.”

ಈ ವಾಕ್ಯದ ರಚನೆಯನ್ನು ಬಿಡಿಸಿ ನೋಡಿದರೆ ಅದರ ಘನತೆ ಎಲ್ಲಿಂದ ಬಂತೆಂದು ತಿಳಿಯುತ್ತದೆ. ರದ್ದಾದದ್ದು ಹುದ್ದೆ, ಮನುಷ್ಯ ಅಲ್ಲ. ಕಾರಣ ಕಂಪನಿಯ ರಚನೆಯಲ್ಲಿ ಆದ ಬದಲಾವಣೆ. “ಹಲವು” ಎಂಬ ಒಂದು ಪದ ಇದು ಒಬ್ಬರ ಕೆಲಸದ ಗುಣಮಟ್ಟದ ಪ್ರಶ್ನೆಯಲ್ಲ ಎಂದು ಹೇಳುತ್ತದೆ. ತಿಂಗಳು ಇದೆ, ಹಾಗಾಗಿ ದಿನಾಂಕ ನೋಡಿ ಯಾರೂ ಊಹಿಸಬೇಕಿಲ್ಲ. “ದುರದೃಷ್ಟವಶಾತ್”, “ಆಘಾತ”, “ಅನ್ಯಾಯ” ಯಾವುದೂ ಇಲ್ಲ. ಅನ್ಯಾಯ ಆಗಿಯೇ ಇರಬಹುದು, ಆ ನೋವು ನಿಜವಾದದ್ದೇ. ಆದರೆ ಈ ಜಾಗದಲ್ಲಿ ಬರೆದ ದೂರನ್ನು ಓದುವವರು ಮುಂದಿನ ಕಂಪನಿಯವರು, ಅವರಿಂದ ಆ ಅನ್ಯಾಯ ಸರಿಯಾಗುವುದಿಲ್ಲ.

ತೆಗೆದದ್ದು ಒಬ್ಬರನ್ನೇ ಆಗಿದ್ದರೆ “ಹಲವು” ಬೇಡ, “ನನ್ನ ಹುದ್ದೆ ರದ್ದಾಯಿತು” ಎಂದರೆ ಸಾಕು. ಕೆಲಸದ ಗುಣಮಟ್ಟದ ಕಾರಣ ಕೊಟ್ಟು ತೆಗೆದಿದ್ದರೆ ಅದನ್ನು ಲೇಆಫ್ ಎಂದು ಬರೆಯಬಾರದು, ಆಗ ಸಮ್ಮರಿಯಲ್ಲಿ ಕಾರಣವನ್ನೇ ಬರೆಯದೆ ಮುಂದಿನ ಗುರಿಯನ್ನಷ್ಟೇ ಬರೆಯುವುದು ಸರಿ. ಎಷ್ಟು ಶೇಕಡಾ ಜನರನ್ನು ತೆಗೆದರು ಎಂಬ ಅಂಕಿಯನ್ನು ಕಂಪನಿಯೇ ಬಹಿರಂಗವಾಗಿ ಹೇಳಿದ್ದರೆ ಮಾತ್ರ ಬಳಸಿ. ಪರಿಹಾರದ ಹಣಕ್ಕೆ ಸಹಿ ಹಾಕಿದ ಒಪ್ಪಂದವನ್ನು ಬರೆಯುವ ಮೊದಲು ಇನ್ನೊಮ್ಮೆ ಓದಿ. ಕಂಪನಿಯ ಬಗ್ಗೆ ಕೆಟ್ಟದಾಗಿ ಹೇಳಬಾರದು, ಒಪ್ಪಂದದ ವಿವರ ಹೊರಗೆಡಹಬಾರದು ಎಂಬ ಷರತ್ತುಗಳು ಅಂಥ ಒಪ್ಪಂದಗಳಲ್ಲಿ ಸಾಮಾನ್ಯ. ಕೆಲಸದ ಅಂಕಿಗಳಿಗೂ ಇದೇ ಎಚ್ಚರ ಬೇಕು: ಎಷ್ಟು ಸರಕು, ಎಷ್ಟು ಗೋದಾಮು ಎನ್ನುವುದು ಗುಟ್ಟಾಗಿರುವುದು ಅಪರೂಪ, ಲಾಭದ ಅಂಕಿ ಅಥವಾ ಗ್ರಾಹಕರ ಹೆಸರು ಗುಟ್ಟಾಗಿರಬಹುದು.

ಸಮ್ಮರಿಯ ಕೊನೆಯ ಸಾಲು ಇಮೇಲ್ ವಿಳಾಸ. ಸಂಪರ್ಕದ ವಿಭಾಗದಲ್ಲಿರುವ ಇಮೇಲ್ ಸಾಮಾನ್ಯವಾಗಿ ನಿಮ್ಮ ಕನೆಕ್ಷನ್ ಆಗಿರುವವರಿಗಷ್ಟೇ ಕಾಣುವಂತಿರುತ್ತದೆ, ಹುಡುಕಿಕೊಂಡು ಬರುವ ಅಪರಿಚಿತರಿಗಲ್ಲ. ಬೇಡದ ಮೇಲ್‌ಗಳೂ ಬರುತ್ತವೆ, ಆದ್ದರಿಂದ ಕೆಲಸದ ಹುಡುಕಾಟಕ್ಕೇ ಬೇರೊಂದು ವಿಳಾಸ ಮಾಡಿಕೊಳ್ಳುವುದು ಜಾಣತನ.

ಬದಲಾಯಿಸುವ ಕ್ರಮ

ಮೊದಲ ಹೆಜ್ಜೆಯನ್ನು ಕಂಪನಿಯ ಇಮೇಲ್ ಮುಚ್ಚುವ ಮೊದಲೇ ಇಡಬೇಕು. ಲಿಂಕ್ಡ್‌ಇನ್ ಖಾತೆಗೆ ಕಂಪನಿಯ ಇಮೇಲನ್ನೇ ಮುಖ್ಯ ವಿಳಾಸವಾಗಿ ಕೊಟ್ಟಿದ್ದರೆ, ಆ ಇಮೇಲ್ ಮುಚ್ಚಿದ ಮೇಲೆ ಸಂದೇಶದ ಸೂಚನೆಗಳು ತಲುಪುವುದಿಲ್ಲ, ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿಯೂ ಮುಚ್ಚುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸ್ವಂತ ಇಮೇಲ್ ಸೇರಿಸಿ, ಅದನ್ನು ಖಚಿತಪಡಿಸಿ, ಮುಖ್ಯ ವಿಳಾಸ ಮಾಡಿ, ಆಮೇಲೆ ಹಳೆಯದನ್ನು ತೆಗೆಯಿರಿ. ಎರಡು ಹಂತದ ಪರಿಶೀಲನೆ ಕಂಪನಿ ಕೊಟ್ಟ ಫೋನಿಗೆ ಬರುತ್ತಿದ್ದರೆ ಅದನ್ನೂ ಬದಲಿಸಿ.

ಆಮೇಲೆ ಅನುಭವದ ದಿನಾಂಕ. ನೋಟಿಸ್ ಬಂದ ದಿನವಲ್ಲ, ದಾಖಲೆಯಲ್ಲಿ ಕೊನೆಯ ಕೆಲಸದ ದಿನ ಯಾವುದೋ ಅದನ್ನು ಹಾಕಬೇಕು. ನೋಟಿಸ್ ಅವಧಿಯಲ್ಲಿ ಮನೆಯಲ್ಲಿ ಕೂರಿಸಿದ್ದರೂ ಆ ಅವಧಿ ಮುಗಿಯುವವರೆಗೆ ನೀವು ನೌಕರರೇ, ಅಲ್ಲಿಯವರೆಗೆ ಹುದ್ದೆಯನ್ನು ಚಾಲ್ತಿಯಲ್ಲಿ ಇಡುವುದು ನ್ಯಾಯ. ಈಗಿನ ಹುದ್ದೆಯ ಸೋಸುವಿಕೆಯಲ್ಲಿ ಸಿಗುವ ಅವಕಾಶ ಆ ಕೆಲವು ವಾರ ಉಳಿದಿರುತ್ತದೆ, ಆದ್ದರಿಂದ ಉಳಿದ ತಿದ್ದುಪಡಿಗಳನ್ನು ಆ ಅವಧಿಯಲ್ಲೇ ಮುಗಿಸಿಕೊಂಡರೆ ಲಾಭ. ದಿನಾಂಕ ಉಳಿಸುವ ಮೊದಲು Notify network ಎಂಬ ಗುಂಡಿ ಆರಿದೆಯೇ ನೋಡಿ. ಸುದ್ದಿಯನ್ನು ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎಂಬುದು ನಿಮ್ಮ ಕೈಯಲ್ಲಿ ಇರಬೇಕು.

ಅವಧಿ ಮುಗಿದ ಮೇಲೂ ಹುದ್ದೆಯನ್ನು ಚಾಲ್ತಿಯಲ್ಲೇ ಬಿಡುವ ಆಸೆ ಬಹಳ ಜನರಿಗೆ ಬರುತ್ತದೆ, ಕಾರಣ ಮೇಲೆ ಹೇಳಿದ ಸೋಸುವಿಕೆಯೇ. ಒಂದೆರಡು ಕರೆ ಹೆಚ್ಚು ಬರಲೂಬಹುದು. ಆದರೆ ಆ ಕರೆಯ ಮೊದಲ ಪ್ರಶ್ನೆಯೇ “ಈಗಿನ ಕೆಲಸ ಏಕೆ ಬಿಡುತ್ತೀರಿ” ಎಂದಿರುತ್ತದೆ. ಅಲ್ಲಿ ಸುಳ್ಳು ಹೇಳಬೇಕು, ಇಲ್ಲವೇ ಪ್ರೊಫೈಲ್ ಸುಳ್ಳು ಎಂದು ಒಪ್ಪಬೇಕು. ದಾಖಲೆ ಪರಿಶೀಲನೆಯಲ್ಲಿ ದಿನಾಂಕ ತಾಳೆಯಾಗದಿದ್ದರೆ ಕೈಗೆ ಬಂದ ಆಫರ್ ಹೋಗಬಹುದು. ಲೇಆಫ್ ಯಾರೂ ತಪ್ಪೆಂದು ಹಿಡಿಯದ ವಿಷಯ, ತಪ್ಪಾದ ದಿನಾಂಕ ಹಾಗಲ್ಲ.

ಇದರ ತಿರುವು ಇನ್ನೊಂದು: ಹೊಸ ಅನುಭವದ ನಮೂದು ಸೃಷ್ಟಿಸಿ, ಹುದ್ದೆಯ ಜಾಗದಲ್ಲಿ “ಅವಕಾಶ ಹುಡುಕುತ್ತಿದ್ದೇನೆ”, ಕಂಪನಿಯ ಜಾಗದಲ್ಲಿ “ನಿರುದ್ಯೋಗ” ಎಂದು ಬರೆಯುವುದು. ಇದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ಈಗಿನ ಹುದ್ದೆ ಯಾವುದೆಂದು ನೋಡುವವರಿಗೆ ಆ ಪದಗಳೇ ಕಾಣುತ್ತವೆ, ನಿಮ್ಮ 9 ವರ್ಷದ ಕೆಲಸ ಅದರ ಕೆಳಗೆ ಹೋಗಿ ಕೂರುತ್ತದೆ. ನಿಜವಾಗಿ ಸಣ್ಣ ಗುತ್ತಿಗೆ ಕೆಲಸ ಮಾಡುತ್ತಿದ್ದರೆ ಅದನ್ನು ಈಗಿನ ಹುದ್ದೆಯಾಗಿ ಹಾಕಿ, ಏನು ಮಾಡಿದಿರಿ ಎಂದು ಎರಡು ಸಾಲು ಬರೆಯಿರಿ. ಕೆಲಸವೇ ಇಲ್ಲದ ಸಲಹೆಗಾರ ಹುದ್ದೆ ಬೇಡ. ಬಿಡುವು ಉದ್ದವಾಗುತ್ತಿದೆ ಎನಿಸಿದರೆ, ಲಿಂಕ್ಡ್‌ಇನ್ 2022ರಲ್ಲಿ ಸೇರಿಸಿದ Career break ಎಂಬ ನಮೂದಿದೆ. ಅದರ ಬಗೆಗಳಲ್ಲಿ ಲೇಆಫ್ ಕೂಡ ಒಂದು. ಮೊದಲ ಎರಡು ಮೂರು ತಿಂಗಳಲ್ಲೇ ಅದನ್ನು ಹಾಕುವ ಅಗತ್ಯ ನಮಗೆ ಕಾಣುವುದಿಲ್ಲ. ಆ ಸಮಯದಲ್ಲಿ ಕಲಿತದ್ದು, ಮಾಡಿದ್ದು ಏನಾದರೂ ಇದ್ದರೆ ಅದನ್ನು ಹೇಳಲು ಅದು ಒಳ್ಳೆಯ ಜಾಗ.

Open to work ಆಯ್ಕೆಯಲ್ಲಿ ಹುದ್ದೆಯ ಹೆಸರುಗಳನ್ನು ಕೇಳುತ್ತದೆ, ಐದರವರೆಗೆ ಕೊಡಬಹುದು. ಒಂದೇ ಕೆಲಸಕ್ಕೆ ಬೇರೆ ಬೇರೆ ಕಂಪನಿಗಳಲ್ಲಿ ಇರುವ ಹೆಸರುಗಳನ್ನು ಇಲ್ಲಿ ಬಳಸಿ: ಡಿಮ್ಯಾಂಡ್ ಪ್ಲಾನರ್, ಡಿಮ್ಯಾಂಡ್ ಪ್ಲಾನಿಂಗ್ ಲೀಡ್, ಸಪ್ಲೈ ಚೈನ್ ಪ್ಲಾನರ್ ಹೀಗೆ. ಸಂಬಂಧವೇ ಇಲ್ಲದ ಐದು ಹುದ್ದೆ ಕೊಟ್ಟರೆ ಏನು ಬೇಕೆಂದು ನಿಮಗೇ ಗೊತ್ತಿಲ್ಲ ಎಂದಂತಾಗುತ್ತದೆ. ಯಾರಿಗೆ ಕಾಣಬೇಕು ಎಂಬಲ್ಲಿ ಎರಡು ದಾರಿ. Recruiters only ಎಂದರೆ ಹಣ ಕೊಟ್ಟ ಆ ಸಲಕರಣೆ ಬಳಸುವವರಿಗೆ ಮಾತ್ರ. ನಿಮ್ಮ ಸದ್ಯದ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಖಾತರಿ ಕೊಡುವುದಿಲ್ಲ. ಎಲ್ಲರಿಗೂ ಎಂದು ಆರಿಸಿದರೆ ಫೋಟೋ ಸುತ್ತ ಹಸಿರು ಚೌಕಟ್ಟು ಬರುತ್ತದೆ. ಈ ಚೌಕಟ್ಟಿನ ಬಗ್ಗೆ ಪರ ವಿರೋಧ ವಾದ ನಡೆಯುತ್ತಲೇ ಇದೆ. ನಮ್ಮ ಅಭಿಪ್ರಾಯ ಇದು: ಲೇಆಫ್ ಆದ ಮೇಲೆ ಬಚ್ಚಿಡಬೇಕಾದ ಮಾಲೀಕ ಇಲ್ಲ, ಹಳೆಯ ಸಹೋದ್ಯೋಗಿಗಳ ಶಿಫಾರಸಿನಿಂದ ಕೆಲಸ ಸಿಗುವ ಕ್ಷೇತ್ರವಾದರೆ ಚೌಕಟ್ಟು ಹಾಕಿ. ಅದನ್ನು ಹಾಕಿದರೆ ಹೆಡ್‌ಲೈನ್‌ನ ಕೊನೆಯ ಎರಡು ಪದವನ್ನೂ ತೆಗೆದುಬಿಡಬಹುದು, ಒಂದೇ ಮಾತನ್ನು ಎರಡು ಸಲ ಹೇಳಬೇಕಿಲ್ಲ. ರಿಕ್ರೂಟರ್‌ಗಳ ಮೂಲಕವೇ ನೇಮಕ ನಡೆಯುವ ಹಿರಿಯ ಹುದ್ದೆಗಳಿಗೆ ಮೊದಲ ದಾರಿಯೇ ಸಾಕು. ಆದರೆ ಸಣ್ಣ ಕಂಪನಿಯ ಮಾಲೀಕ ಸಾಮಾನ್ಯ ಖಾತೆಯಿಂದ ಹುಡುಕಿದರೆ ಆ ಸೂಚನೆ ಅವರಿಗೆ ಕಾಣದು ಎಂಬುದು ನೆನಪಿರಲಿ. ಅವರಿಗಾಗಿಯೇ ಸಮ್ಮರಿಯಲ್ಲಿ ಆ ಸಾಲು ಮತ್ತು ಇಮೇಲ್ ಇರುವುದು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು

ಲಾಗ್ಔಟ್ ಆಗಿ ಅಥವಾ ಗೆಳೆಯರ ಫೋನಿನಿಂದ ನಿಮ್ಮ ಪ್ರೊಫೈಲ್ ನೋಡಿ. ಹೆಡ್‌ಲೈನ್ ಎಲ್ಲಿ ತುಂಡಾಗುತ್ತದೆ, ಸಮ್ಮರಿಯ ಯಾವ ಪದದವರೆಗೆ ಕಾಣುತ್ತದೆ ಎಂಬುದು ನಿಮ್ಮ ಸ್ವಂತ ಪರದೆಯಲ್ಲಿ ಗೊತ್ತಾಗುವುದಿಲ್ಲ.

ಪ್ರೊಫೈಲ್‌ನ ಅಂಕಿಅಂಶದಲ್ಲಿ Search appearances ಎಂದರೆ ಹುಡುಕಾಟದಲ್ಲಿ ನೀವು ಎಷ್ಟು ಸಲ ಬಂದಿರಿ ಎಂಬ ಲೆಕ್ಕ, Profile views ಎಂದರೆ ಎಷ್ಟು ಜನ ಒಳಗೆ ಬಂದು ನೋಡಿದರು ಎಂಬುದು. ತಿದ್ದುವ ಮೊದಲು ಎರಡನ್ನೂ ಬರೆದಿಟ್ಟುಕೊಂಡು, ಎರಡು ಮೂರು ವಾರದ ನಂತರ ಹೋಲಿಸಿ. ಎರಡೂ ಕಡಿಮೆಯೇ ಇದ್ದರೆ ಪದಗಳು ತಪ್ಪಾಗಿವೆ. ನಿಮಗೆ ಬೇಕಾದ ಹುದ್ದೆಯ ಹತ್ತು ಜಾಹೀರಾತು ತೆರೆದು, ಪದೇ ಪದೇ ಬರುವ ಹುದ್ದೆಯ ಹೆಸರು ಮತ್ತು ಸಾಫ್ಟ್‌ವೇರ್ ಯಾವುದು ನೋಡಿ, ಅವನ್ನು ಹೆಡ್‌ಲೈನ್, ಕೌಶಲ, ಅನುಭವ ಮೂರರಲ್ಲೂ ಸೇರಿಸಿ. ಪ್ರೊಫೈಲ್‌ನ ಸ್ಥಳ ಹಳೆಯದಿದೆಯೇ ಎಂಬುದನ್ನೂ ನೋಡಿ, ಸ್ಥಳದ ಸೋಸುವಿಕೆಯಲ್ಲೇ ನೀವು ಬಿದ್ದುಹೋಗುತ್ತಿರಬಹುದು. ಹುಡುಕಾಟದಲ್ಲಿ ಬರುತ್ತಿದ್ದೀರಿ, ಆದರೆ ಯಾರೂ ಒಳಗೆ ಬರುತ್ತಿಲ್ಲ ಎಂದರೆ ಹೆಡ್‌ಲೈನ್‌ನ ಮೊದಲ ಪದಗಳು ಕಣ್ಣು ಹಿಡಿಯುತ್ತಿಲ್ಲ. ಒಳಗೆ ಬಂದು ನೋಡಿ ಸಂದೇಶ ಕಳಿಸದೆ ಹೋಗುತ್ತಿದ್ದಾರೆ ಎಂದರೆ ಸಮ್ಮರಿಯ ಆರಂಭವನ್ನು, ಆಮೇಲೆ ಲೇಆಫ್‌ನ ಆ ವಾಕ್ಯವನ್ನು ಇನ್ನೊಬ್ಬರಿಂದ ಓದಿಸಿ. ಅದು ಮೂರು ನಾಲ್ಕು ವಾಕ್ಯಗಳಾಗಿ ಬೆಳೆದಿರುವುದು ಸಾಮಾನ್ಯ, ವಾರ ಕಳೆದಂತೆ ಒಂದೊಂದು ವಿವರಣೆ ಸೇರಿಕೊಳ್ಳುತ್ತದೆ. ಅದನ್ನು ಮತ್ತೆ ಒಂದಕ್ಕೆ ಇಳಿಸಿ. ಹೊಸ ಕೆಲಸಕ್ಕೆ ಸೇರಿದ ದಿನ ಆ ವಾಕ್ಯ, ಹಸಿರು ಚೌಕಟ್ಟು, ಹೆಡ್‌ಲೈನಿನ ಕೊನೆಯ ಎರಡು ಪದ, ಮೂರನ್ನೂ ಒಟ್ಟಿಗೆ ತೆಗೆಯಿರಿ. ಒಂದು ಉಳಿದರೂ ಹೊಸ ತಂಡದವರಿಗೆ ನೀವು ಇನ್ನೂ ಹುಡುಕುತ್ತಿದ್ದೀರಿ ಎಂದೇ ಕಾಣುತ್ತದೆ.